ಔಟಾದ ಮಗು ಎಲ್ಲಿಗೆ ಹೋಗುತ್ತದೆ? ಚಿಕ್ಕ ಹಾಲಿನಲ್ಲಿ ಹದಿಮೂರು ಮಕ್ಕಳ ಹುಟ್ಟುಹಬ್ಬ

ನನ್ನ ಮಗಳ ಐದನೆಯ ಹುಟ್ಟುಹಬ್ಬದಲ್ಲಿ ಎಲ್ಲರಂತೆ ನಾನೂ ಮ್ಯೂಸಿಕಲ್ ಚೇರ್ ಆಡಿಸಿದೆ. ಆಟ ಶುರುವಾಗಿ ಐದು ನಿಮಿಷವಾಗುವಷ್ಟರಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳೆಲ್ಲ ಔಟಾಗಿದ್ದರು. ದೊಡ್ಡ ಮಕ್ಕಳು ಉಳಿದ ಕುರ್ಚಿಗಳಿಗಾಗಿ ಪೈಪೋಟಿ ನಡೆಸುತ್ತಿದ್ದಾಗ ನನ್ನ ಕಣ್ಣು ಅವರ ಮೇಲೆಯೇ ಇತ್ತು. ಅಷ್ಟರಲ್ಲಿ ಔಟಾದ ಪುಟಾಣಿಗಳಲ್ಲಿ ಇಬ್ಬರು ಮಲಗುವ ಕೋಣೆಗೆ ಹೋಗಿ ಬೀರುವಿನ ಕೆಳಖಾನೆಯನ್ನು ಎಳೆದು ಬರಿದು ಮಾಡಿದ್ದರು, ಮತ್ತೊಬ್ಬಳು ಬಾಲ್ಕನಿಯಲ್ಲಿ ಒಂಟಿಯಾಗಿ ನಿಂತು ಅಳುತ್ತಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮೊದಲ ಮಹಡಿಯ ಬಾಲ್ಕನಿಯಲ್ಲಿ ಮೂರು ವರ್ಷದ ಮಗುವೊಂದು ಒಂಟಿಯಾಗಿದ್ದುದನ್ನು ನೆನೆದರೆ ನನಗೆ ಈಗಲೂ ಮೈ ನಡುಗುತ್ತದೆ.

ಆ ದಿನದ ನಂತರ ಯಾವ ಆಟವನ್ನು ಆರಿಸುವಾಗಲೂ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಔಟಾದ ಮಗು ಎಲ್ಲಿಗೆ ಹೋಗುತ್ತದೆ ಎಂಬುದು. ಮಕ್ಕಳನ್ನು ಒಬ್ಬೊಬ್ಬರಾಗಿ ಹೊರಗೆ ಹಾಕುವ ಆಟದಲ್ಲಿ ಮೊದಲು ಹೊರಬೀಳುವವರು ಅತಿ ಚಿಕ್ಕವರು, ಅಂದರೆ ಹೆಚ್ಚು ನಿಗಾ ಬೇಕಾದವರು. ಅವರನ್ನು ನೋಡಿಕೊಳ್ಳಲು ಇನ್ನಿಬ್ಬರು ಹಿರಿಯರಿದ್ದರೆ ಅಂಥ ಆಟವನ್ನೂ ಆಡಿಸಬಹುದು. ಇಲ್ಲದಿದ್ದರೆ, ಹೊರಬಿದ್ದ ಪ್ರತಿ ಮಗುವಿನೊಂದಿಗೆ ನಮ್ಮ ಕೆಲಸವೂ ಒಂದೊಂದು ಹೆಚ್ಚಾಗುತ್ತದೆ.

ಮರುವರ್ಷ, ಆರನೆಯ ಹುಟ್ಟುಹಬ್ಬಕ್ಕೆ, ಬಂದ ಮಕ್ಕಳು ಹದಿಮೂರು. ಮೂರರಿಂದ ನಾಲ್ಕು ವರ್ಷದವರು ಮೂವರು, ಐದರಿಂದ ಏಳರವರು ಆರು ಜನ, ಎಂಟರಿಂದ ಹನ್ನೊಂದರವರು ನಾಲ್ವರು. ಮೈಸೂರಿನ ನಮ್ಮ ಬಾಡಿಗೆ ಮನೆಯ ಹಾಲು ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲವಿದೆ. ಸೋಫಾವನ್ನು ಗೋಡೆಗೆ ಒತ್ತರಿಸಿ, ಗಾಜಿನ ಟೀಪಾಯಿಯನ್ನು ಒಳಗೆ ಸಾಗಿಸಿದ ಮೇಲೆ ಉಳಿದದ್ದು ಹೆಚ್ಚುಕಡಿಮೆ ಹನ್ನೊಂದು ಅಡಿಯ ಚೌಕ. ಕೈಜೋಡಿಸುವವನು ನನ್ನ ತಮ್ಮ ಒಬ್ಬನೇ. ಯಜಮಾನರು ಮತ್ತು ಅತ್ತೆಯವರು ಅಡುಗೆಮನೆ ಹಾಗೂ ಬಾಗಿಲನ್ನು ನೋಡಿಕೊಳ್ಳಬೇಕಿತ್ತು. ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಎರಡು ಗಂಟೆ.

ಹಿಂದಿನ ವಾರವೇ ಕೂತು ಕೆಲವು ಆಟಗಳನ್ನು ಕೈಬಿಟ್ಟೆ. ಲೆಮನ್ ಆಂಡ್ ಸ್ಪೂನಿಗೆ ಓಡುವಷ್ಟು ಉದ್ದ ಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ಆಟಕ್ಕೆ ಸೋಫಾದ ಮೂಲೆಗಳಿರುವ ಹಾಲು ತಕ್ಕುದಲ್ಲ. ವಸ್ತು ಬಚ್ಚಿಟ್ಟು ಹುಡುಕಿಸುವ ಆಟವನ್ನು ಆಡಿಸಬೇಕೆಂದು ಮಗಳು ಬಹಳ ಹಠ ಮಾಡಿದಳು, ಆದರೆ ಅದರಲ್ಲಿ ಮಕ್ಕಳು ಎಲ್ಲ ಕೋಣೆಗಳಿಗೂ ಚದುರುತ್ತಾರೆ, ಪ್ರತಿ ಕೋಣೆಗೆ ಒಬ್ಬರಾದರೂ ಹಿರಿಯರು ಬೇಕಾಗುತ್ತದೆ. ಬಲೂನು ಒಡೆಯುವ ಆಟವನ್ನು ಬೇರೆಯೇ ಕಾರಣಕ್ಕೆ ಬಿಟ್ಟೆ. ಒಡೆದ ಬಲೂನಿನ ರಬ್ಬರ್ ಚೂರು ಚಿಕ್ಕ ಮಗುವಿನ ಬಾಯಿಗೆ ಹೋದರೆ ಗಂಟಲಿಗೆ ಅಂಟಿಕೊಂಡು ಉಸಿರು ಕಟ್ಟಿಸಬಲ್ಲುದು. ಅಮೆರಿಕದಲ್ಲಿ ಮಾರುವ ಬಲೂನಿನ ಪೊಟ್ಟಣಗಳ ಮೇಲೆ ಎಂಟು ವರ್ಷದೊಳಗಿನ ಮಕ್ಕಳ ಬಗ್ಗೆ ಈ ಎಚ್ಚರಿಕೆಯನ್ನು ಅಚ್ಚು ಮಾಡುವುದು ಕಡ್ಡಾಯ. ಹಾಗಾಗಿ ಬಲೂನುಗಳನ್ನು ಮಕ್ಕಳ ಕೈಗೆಟುಕದಂತೆ ಮೇಲೆ ಕಟ್ಟಿದೆವು.

ಮಕ್ಕಳೆಲ್ಲ ಒಂದೇ ಹೊತ್ತಿಗೆ ಬರುವುದಿಲ್ಲ. ಮೊದಲ ಮಗುವಿಗೂ ಕೊನೆಯ ಮಗುವಿಗೂ ನಡುವೆ ಅರ್ಧ ಗಂಟೆ ಅಂತರವಿರುತ್ತದೆ, ಆದ್ದರಿಂದ ಯಾವಾಗ ಬಂದರೂ ಕೂತು ಸೇರಿಕೊಳ್ಳಬಹುದಾದ ಕೆಲಸವನ್ನೇ ಮೊದಲಿಗೆ ಇಡಬೇಕು. ನಾನು ನೆಲದ ತುಂಬ ಹಳೆಯ ಪೇಪರ್ ಹಾಸಿ, ತೊಟ್ಟಿನ ಕಡೆಯಿಂದ ಎರಡು ಬೆರಳಿನಷ್ಟು ಕತ್ತರಿಸಿದ ಬೆಂಡೆಕಾಯಿಗಳನ್ನೂ ತಟ್ಟೆಗಳಲ್ಲಿ ದಪ್ಪಗೆ ಕಲಸಿದ ವಾಟರ್ ಕಲರನ್ನೂ ಇಟ್ಟೆ. ಕತ್ತರಿಸಿದ ಮುಖವನ್ನು ಬಣ್ಣದಲ್ಲಿ ಅದ್ದಿ ಕಾಗದದ ಚೀಲಕ್ಕೆ ಒತ್ತಿದರೆ ಐದೆಸಳಿನ ಹೂವು ಮೂಡುತ್ತದೆ. ಮೂರು ವರ್ಷದವನು ಒಂದರ ಮೇಲೊಂದು ಒತ್ತಿ ಚೀಲವನ್ನೆಲ್ಲ ಕೆಂಪು ಮಾಡಿದ; ಹತ್ತು ವರ್ಷದ ಹುಡುಗಿ ಎರಡು ಬಣ್ಣದ ಬಳ್ಳಿಯನ್ನೇ ಬಿಡಿಸಿದಳು. ಬಣ್ಣ ನೀರಾದರೆ ಹೂವು ಮೂಡದೆ ಕಲೆಯಾಗಿ ಹರಡುತ್ತದೆ, ಆದ್ದರಿಂದ ಒಂದು ಹಾಳೆಯ ಮೇಲೆ ಮೊದಲೇ ಒತ್ತಿ ನೋಡಿಕೊಳ್ಳಬೇಕು. ಮನೆಗೆ ಹೋಗುವಾಗ ಕೊಡುವ ಉಡುಗೊರೆಯನ್ನು ಅವರವರ ಚೀಲದಲ್ಲಿಯೇ ಹಾಕಿಕೊಟ್ಟೆವು.

ಎಲ್ಲರೂ ಬಂದ ಮೇಲೆ ಮೈ ಆಡಿಸುವ ಆಟ ಬೇಕೇ ಬೇಕು, ಇಲ್ಲದಿದ್ದರೆ ಮಕ್ಕಳು ತಾವಾಗಿಯೇ ಓಡಲು ಆರಂಭಿಸುತ್ತಾರೆ. ಅದಕ್ಕೆ ಕೆರೆ-ದಡವನ್ನು ಆರಿಸಿದೆ. ಗೆರೆಯ ಒಂದು ಬದಿ ಕೆರೆ, ಇನ್ನೊಂದು ಬದಿ ದಡ; ಕೂಗಿದ ಕಡೆಗೆ ಜಿಗಿಯಬೇಕು, ಅಷ್ಟೆ. ಈ ಆಟಕ್ಕೆ ಜಾಗದ ಆಳ ಬೇಡ, ಗೆರೆಯ ಉದ್ದ ಸಾಕು. ಆದರೆ ಲೆಕ್ಕ ಹಾಕಿದರೆ ಜಿಗಿಯುವ ಪ್ರತಿ ಮಗುವಿಗೆ ಕೈ ಬೀಸಲು ಒಂದೂವರೆ ಅಡಿಯಾದರೂ ಬೇಕು, ಹನ್ನೊಂದು ಅಡಿಯ ಗೆರೆಯಲ್ಲಿ ಏಳು ಮಕ್ಕಳಷ್ಟೇ ಹಿಡಿಸುತ್ತಾರೆ. ಆದ್ದರಿಂದ ಏಳು ಜನ ಆಡುವಾಗ ಆರು ಜನ ಸೋಫಾದ ಮುಂದೆ ಕೂತು ತಪ್ಪು ಹಿಡಿಯುವವರಾದರು, ಮೂರು ನಿಮಿಷಕ್ಕೊಮ್ಮೆ ಅದಲುಬದಲು. ಕೂತವರಿಗೂ ಕೆಲಸವಿದ್ದುದರಿಂದ ಒಬ್ಬರೂ ಎದ್ದು ಹೋಗಲಿಲ್ಲ. ತಪ್ಪಿದವರನ್ನು ಹೊರಗೆ ಹಾಕುವ ಬದಲು ಒಂದು ಪ್ರಾಣಿಯ ಕೂಗು ಕೂಗಿಸಿ ಮತ್ತೆ ಗೆರೆಗೆ ಸೇರಿಸಿದೆವು. ಹಳೆಯ ಆಟದಲ್ಲಿ ನಾನು ಮಾಡಿದ ಬದಲಾವಣೆ ಇದೊಂದೇ, ಆದರೆ ಇಡೀ ಸಂಜೆ ಸುಸೂತ್ರವಾಗಿ ನಡೆದದ್ದು ಇದರಿಂದ ಎಂದೇ ನಾನು ನಂಬಿದ್ದೇನೆ.

ಗೆರೆಗೆ ಹಗ್ಗ ಹಾಕಬಾರದು. ಕಾಲಿಗೆ ಸಿಕ್ಕಿ ಜಾರುತ್ತದೆ. ನಾನು ಬಣ್ಣದ ಟೇಪನ್ನು ನೆಲಕ್ಕೆ ಅಂಟಿಸಿದೆ. ಕಾಲುಚೀಲಗಳನ್ನೂ ಬಿಚ್ಚಿಸಿದೆ, ಏಕೆಂದರೆ ನುಣುಪಾದ ಟೈಲ್ಸಿನ ಮೇಲೆ ಕಾಲುಚೀಲ ಹಾಕಿಕೊಂಡು ಜಿಗಿದರೆ ಹಿಂದಕ್ಕೆ ಬೀಳುವುದು ಬಹುಮಟ್ಟಿಗೆ ಖಚಿತ. ಕೆಳಗಿನ ಮನೆಯವರಿಗೆ ಸಂಜೆ ಐದು ಗಂಟೆಯಿಂದ ಕಾಲು ಗಂಟೆ ಹೊತ್ತು ಸದ್ದಾಗುತ್ತದೆಂದು ಬೆಳಿಗ್ಗೆಯೇ ಹೇಳಿ ಬಂದಿದ್ದೆ.

ಜಿಗಿದು ದಣಿದ ಮಕ್ಕಳನ್ನು ಕೂರಿಸಲು ಪಾರ್ಸಲ್ ಆಟ. ಹಾಡು ನಡೆಯುವಾಗ ಪಾರ್ಸಲನ್ನು ಕೈಯಿಂದ ಕೈಗೆ ದಾಟಿಸಬೇಕು, ಹಾಡು ನಿಂತಾಗ ಅದು ಯಾರ ಕೈಯಲ್ಲಿದೆಯೋ ಅವರು ಪೇಪರಿನ ಒಂದು ಸುತ್ತು ಬಿಚ್ಚಬೇಕು. ಸುತ್ತಲೂ ಕೂರುವ ಹದಿಮೂರು ಮಕ್ಕಳಿಗೆ ತಲಾ ಎರಡು ಅಡಿ ಎಂದರೆ ಇಪ್ಪತ್ತಾರು ಅಡಿಯ ಸುತ್ತಳತೆ, ಅಡ್ಡಗಲ ಸುಮಾರು ಎಂಟು ಅಡಿ. ನಮ್ಮ ಚೌಕದಲ್ಲಿ ಸರಾಗವಾಗಿ ಹಿಡಿಯಿತು. ಹಿಂದಿನ ರಾತ್ರಿ ತಮ್ಮನೂ ನಾನೂ ಕೂತು ಕಡಲೆಕಾಯಿ ಚಿಕ್ಕಿಯ ಡಬ್ಬಿಗೆ ಪೇಪರಿನ ಹದಿನಾಲ್ಕು ಸುತ್ತು ಸುತ್ತಿದ್ದೆವು: ಮಗುವಿಗೊಂದರಂತೆ ಹದಿಮೂರು, ಎಲ್ಲರೂ ಒಟ್ಟಿಗೆ ಹರಿಯಲು ಕೊನೆಯದೊಂದು. ಕಡಲೆಕಾಯಿ ಯಾರಿಗೂ ಆಗದು ಎಂಬುದಿಲ್ಲವಲ್ಲ ಎಂದು ಎಲ್ಲ ತಾಯಂದಿರನ್ನೂ ಮೊದಲೇ ವಿಚಾರಿಸಿದ್ದೆ. ಪುಟಾಣಿಗಳಿಗೆ ಚಿಕ್ಕಿಯನ್ನು ಪುಡಿ ಮಾಡಿಯೇ ಕೊಟ್ಟೆ.

ಪ್ರತಿ ಸುತ್ತಿನಲ್ಲೂ ಎರಡು ಚೀಟಿಗಳು. ಹಳದಿ ಚೀಟಿಯಲ್ಲಿ ಅಕ್ಷರವಿಲ್ಲ, ಚಿತ್ರ ಮಾತ್ರ. ಕಪ್ಪೆಯ ಚಿತ್ರವಿದ್ದರೆ ಕುಪ್ಪಳಿಸಬೇಕು. ನೀಲಿ ಚೀಟಿ ದೊಡ್ಡವರದು: ಒಂದು ಒಗಟು, ಅಥವಾ ನಾಲಿಗೆ ತೊಡರುವ ಒಂದು ಸಾಲನ್ನು ಮೂರು ಬಾರಿ ಹೇಳುವುದು. ಆಟ ಒಂದೇ, ಕಷ್ಟ ಎರಡು ಬಗೆಯದು. ಪೇಪರಿಗೆ ಟೇಪನ್ನು ಒಂದೇ ಕಡೆ ಅಂಟಿಸಬೇಕು. ಮೊದಲ ಮೂರು ಸುತ್ತುಗಳಿಗೆ ನಾವು ಉದ್ದಕ್ಕೂ ಅಂಟಿಸಿದ್ದೆವು. ನಾಲ್ಕು ವರ್ಷದವಳು ಉಗುರಿನಿಂದ ಕೆರೆಯುತ್ತ ಕೂತಾಗ ಉಳಿದವರ ತಾಳ್ಮೆ ಕೆಟ್ಟಿತು, ನಾನೇ ಕತ್ತರಿ ತರಬೇಕಾಯಿತು.

ಹಾಡು ನಿಲ್ಲಿಸುವ ಕೆಲಸವನ್ನು ಹನ್ನೊಂದು ವರ್ಷದ ಹುಡುಗನಿಗೆ ವಹಿಸಿದ್ದು ನನ್ನ ತಪ್ಪು. ದೊಡ್ಡವರಿಗೆ ಹೊಣೆ ಕೊಟ್ಟರೆ ಬೇಸರಪಡುವುದಿಲ್ಲವೆಂಬುದು ನನ್ನ ಎಣಿಕೆ. ಅವನು ಸ್ನೇಹಿತನ ಕೈಯಲ್ಲಿ ಪಾರ್ಸಲ್ ಇದ್ದಾಗಲೇ ಎರಡು ಬಾರಿ ನಿಲ್ಲಿಸಿದ, ಆರು ವರ್ಷದವರು ಕೂಡಲೇ ಕಂಡುಹಿಡಿದರು. ಪ್ರತಿ ಮಗುವಿಗೂ ಒಮ್ಮೆ ಸಿಗಬೇಕೆಂದರೆ ಫೋನು ಆಡಿಸುವವರ ಕೈಯಲ್ಲೇ ಇರಬೇಕು. ಅವನನ್ನು ಕರೆದು, "ನನಗೆ ಮುಂದಿನ ಆಟಕ್ಕೆ ಒಬ್ಬ ನಂಬಿಕಸ್ಥ ಬೇಕು ಕಣೋ, ಯಾರಿಗೂ ಹೇಳಬೇಡ" ಎಂದೆ. "ಆಯ್ತು ಆಂಟಿ" ಎಂದು ಫೋನು ಕೊಟ್ಟು ಜಾಗಕ್ಕೆ ಹೋಗಿ ಕೂತ.

ಆ ಮುಂದಿನ ಆಟ ತಟ್ಟೆಯದು. ದೊಡ್ಡ ತಟ್ಟೆಯಲ್ಲಿ ಸೌಟು, ಜರಡಿ, ಲಟ್ಟಣಿಗೆ, ಬಾಚಣಿಗೆ, ಟಾರ್ಚು ಹೀಗೆ ಹನ್ನೆರಡು ಸಾಮಾನು, ಎಲ್ಲವೂ ಮಗುವಿನ ಮುಷ್ಟಿಗಿಂತ ದೊಡ್ಡವು. ಹುಣಸೆಬೀಜ, ಗೋಲಿಗಳನ್ನು ಬೇಕೆಂದೇ ಬಿಟ್ಟೆ, ಮೂರು ವರ್ಷದವರು ಅವನ್ನು ಬಾಯಿಗೆ ಹಾಕಿಕೊಂಡಾರು. ದೊಡ್ಡವರು ನಾಲ್ವರಿದ್ದುದರಿಂದ ನಾಲ್ಕು ಗುಂಪುಗಳಾದವು, ಪ್ರತಿ ಗುಂಪಿಗೊಬ್ಬ ದೊಡ್ಡವರು. ಒಂದು ನಿಮಿಷ ನೋಡಿದ ಮೇಲೆ ತಟ್ಟೆಗೆ ಬಟ್ಟೆ ಮುಚ್ಚಿ, ಅದರ ಮರೆಯಲ್ಲಿ ಆ ಹುಡುಗ ಒಂದು ಸಾಮಾನನ್ನು ತೆಗೆದು ಅಂಗಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದ; ಅವನ ಗುಂಪಿಗೆ ನನ್ನ ತಮ್ಮ ನಾಯಕನಾಗಿ ಸೇರಿಕೊಂಡ. ನಿಯಮ ಒಂದೇ: ಪ್ರತಿ ಗುಂಪಿನಲ್ಲಿ ಅತಿ ಚಿಕ್ಕವರು ಮೊದಲು ಉತ್ತರ ಹೇಳಬೇಕು, ಅವರು ಸುಮ್ಮನಿದ್ದರೆ ಮಾತ್ರ ದೊಡ್ಡವರು ಬಾಯಿ ತೆರೆಯಬೇಕು. ಈ ನಿಯಮವಿಲ್ಲದಿದ್ದರೆ ದೊಡ್ಡವರೇ ಆಟವನ್ನು ನುಂಗಿಬಿಡುತ್ತಾರೆ. ಮೂರನೆಯ ಸುತ್ತಿನಲ್ಲಿ ಜರಡಿ ಕಾಣೆಯಾದಾಗ, ಅಲ್ಲಿಯವರೆಗೆ ನನ್ನ ಸೆರಗು ಬಿಡದಿದ್ದ ಮೂರು ವರ್ಷದವಳು "ತೂತು ಇಲ್ಲ" ಎಂದಳು. ಅವಳ ಗುಂಪಿನ ಅಕ್ಕ ಅವಳನ್ನು ಎತ್ತಿ ಕುಣಿಸಿಬಿಟ್ಟಳು.

ಈ ಮೂರರಲ್ಲಿ ಯಾವ ಆಟವನ್ನೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಎಳೆಯಲಿಲ್ಲ. ಚಿಕ್ಕವರಲ್ಲಿ ಇಬ್ಬರು ಸುತ್ತಿನಿಂದ ಹಿಂದಕ್ಕೆ ಸರಿದು ಕೂತರೆ, ಉಳಿದವರು ಉತ್ಸಾಹದಲ್ಲಿದ್ದರೂ ಅದೇ ಸುತ್ತಿಗೆ ಮುಗಿಸಬೇಕು. ಮಕ್ಕಳು ಹದಿನೈದಕ್ಕಿಂತ ಹೆಚ್ಚಾದರೆ ಈ ಏರ್ಪಾಡು ನಡೆಯದು, ಪಾರ್ಸಲಿನ ಸರದಿ ಬರುವಷ್ಟರಲ್ಲಿ ಅರ್ಧ ಮಕ್ಕಳು ಎದ್ದಿರುತ್ತಾರೆ.

ಕೇಕ್ ಆದ ಮೇಲೆ ಕೊನೆಯ ಇಪ್ಪತ್ತು ನಿಮಿಷ ಇನ್ನೊಂದು ಬಗೆಯ ಆಟ ಬೇಕು, ಏಕೆಂದರೆ ತಂದೆತಾಯಂದಿರು ಒಬ್ಬೊಬ್ಬರಾಗಿ ಬರುತ್ತಾರೆ, ಯಾರು ಎದ್ದು ಹೋದರೂ ಆಟ ಮುರಿಯಬಾರದು. ಕೂತಲ್ಲೇ ಆಡುವ "ಕಾಗೆ ಹಾರಿತು, ಗಿಳಿ ಹಾರಿತು, ಎಮ್ಮೆ ಹಾರಿತು" ಆಟವನ್ನು ತಮ್ಮ ಆಡಿಸಿದ. ಹಾರುವುದಕ್ಕೆ ಮಾತ್ರ ಕೈ ಎತ್ತಬೇಕು. ಅಷ್ಟು ಹೊತ್ತೂ ನಾನು ಬಾಗಿಲಲ್ಲೇ ನಿಂತು, ಒಂದೊಂದು ಮಗುವನ್ನೂ ಅವರ ಮನೆಯವರ ಕೈಗೆ ಒಪ್ಪಿಸಿ, ಹದಿಮೂರು ಹೆಸರಿನ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದೆ.