ಮೊದಲು ಬಾಗು ತಿದ್ದಿ, ಆಮೇಲೆ ವಾಲು

ಆಕ್ಷನ್ ಕ್ಯಾಮೆರಾದ ವೈಡ್ ತುಣುಕುಗಳನ್ನು ಜೋಡಿಸುವ ಮುನ್ನ ಲೆನ್ಸ್ ಕರೆಕ್ಷನ್ ಮಾಡಿ, ದಿಗಂತವನ್ನು ಆಮೇಲೆ ತಿರುಗಿಸಿ. ಕ್ರಾಪ್ ಕೊನೆಗಿರಲಿ, ತಿದ್ದುಪಡಿಯು ಚೌಕಟ್ಟಿನ ನಡುಬಿಂದುವನ್ನೇ ಲೆನ್ಸಿನ ಕೇಂದ್ರವೆಂದು ಲೆಕ್ಕ ಹಾಕುತ್ತದೆ.

ಮಲ್ಪೆಯ ಕಡಲನ್ನು ಚಿತ್ರಿಸಿದ್ದೀರಿ ಎನ್ನೋಣ. ದಿಗಂತ ಚೌಕಟ್ಟಿನ ಮೇಲ್ಭಾಗದಲ್ಲಿದ್ದರೆ ಬಿಲ್ಲಿನಂತೆ ಮೇಲಕ್ಕೆ ಉಬ್ಬಿರುತ್ತದೆ. ಅದು ನೇರವಾಗುವವರೆಗೆ ಮಾತ್ರ ಸ್ಲೈಡರ್ ಸರಿಸಿ. ನಡುಭಾಗ ಕೆಳಕ್ಕೆ ತಗ್ಗಿದರೆ ಅತಿಯಾಯಿತು. ನಟ್ಟನಡುವೆ ಹಾಯುವ ದಿಗಂತವನ್ನು ನಂಬಬೇಡಿ, ಬಾಗಿದ ಚಿತ್ರದಲ್ಲೂ ಅದು ನೇರವಾಗಿಯೇ ಕಾಣುತ್ತದೆ. ಅಂಚಿನ ಬಳಿಯ ಕಂಬವನ್ನೋ ಗೋಡೆಯನ್ನೋ ನೋಡಿ.

ಬಲತುದಿ ತಗ್ಗಿದ್ದರೆ ಅಪ್ರದಕ್ಷಿಣವಾಗಿ ತಿರುಗಿಸಿ. 16:9 ಚಿತ್ರವನ್ನು 2 ಡಿಗ್ರಿ ತಿರುಗಿಸಿದಾಗ ಮೂಲೆಗಳ ಕಪ್ಪು ಮರೆಯಾಗಲು ಸುಮಾರು 6% ಜೂಮ್ ಬೇಕು. ದೋಣಿ ಹೊಯ್ದಾಡುತ್ತಿದ್ದರೆ ಒಂದೇ ಕೋನ ಸಾಲದು, ಕ್ಷಣಕ್ಷಣಕ್ಕೂ ಕೋನ ಬದಲಿಸುವ ಕೀಫ್ರೇಮ್ ಹಾಕಲೇಬೇಕು.