ಹಾಕಿ ಹಬ್ಬವೂ ಧರ್ಮವೇ? ಮೊದಲ ವರ್ಷದ ತರಗತಿಯಲ್ಲಿ ನಾನು ಕಲಿಸಿದ ಬಗೆ

ಕೊಡಗಿನ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಬೋಧಿಸಲು ಆರಂಭಿಸಿದ ವರ್ಷ ನಾನು ಧರ್ಮದ ವ್ಯಾಖ್ಯೆಗಳನ್ನು ಒಂದರ ಕೆಳಗೊಂದು ಬರೆಸಿದೆ. ವಿದ್ಯಾರ್ಥಿಗಳು ಅವನ್ನು ತಪ್ಪಿಲ್ಲದೆ ಪರೀಕ್ಷೆಯಲ್ಲಿ ಬರೆದರು. ಆದರೆ ಒಂದೇ ವಿಷಯಕ್ಕೆ ಅಷ್ಟು ವ್ಯಾಖ್ಯೆಗಳು ಏಕೆ ಬೇಕಾದವು ಎಂಬ ಪ್ರಶ್ನೆಗೆ ಒಬ್ಬರೂ ಉತ್ತರಿಸಲಿಲ್ಲ. ಮರುವರ್ಷದಿಂದ ನಾನು ವ್ಯಾಖ್ಯೆಗಳನ್ನು ಬದಿಗಿಟ್ಟು, ಅವರ ಮನೆಯಲ್ಲೇ ನಡೆಯುವ ಆಚರಣೆಗಳಿಂದ ಪಾಠ ಆರಂಭಿಸಿದೆ.

ಮೊದಲ ತೊಡಕು ಪದದಲ್ಲೇ ಇದೆ. 'ಸುಡುವುದು ಬೆಂಕಿಯ ಧರ್ಮ' ಎನ್ನುವಾಗ ಅದು ಸ್ವಭಾವ, 'ಧರ್ಮ ಮಾಡಿ' ಎಂದು ಬೇಡುವಾಗ ಅದು ದಾನ, ಅರ್ಜಿಯಲ್ಲಿ ತುಂಬುವಾಗ ಅದು ಸಮುದಾಯದ ಗುರುತು. 'ಮತ' ಎಂದರೆ ಅಭಿಪ್ರಾಯವೂ ಹೌದು, ಚುನಾವಣೆಯ ಓಟೂ ಹೌದು. ಆದ್ದರಿಂದ ಪದದ ಅರ್ಥವನ್ನು ಹುಡುಕುವುದನ್ನು ಬಿಟ್ಟು, ಧರ್ಮ ಎಂದರೇನೆಂದು ಒಂದೇ ವಾಕ್ಯದಲ್ಲಿ ಬರೆಯಿರಿ ಎಂದೆ. ಹೆಚ್ಚಿನವರು 'ದೇವರಲ್ಲಿ ನಂಬಿಕೆ' ಎಂದು ಬರೆದರು.

ಆಗ ನಾನು ಮುಂದಿಟ್ಟದ್ದು ಕಾರೋಣನ ಉದಾಹರಣೆ. ಒಕ್ಕ ಎಂದರೆ ಕೊಡವರ ಪಿತೃವಂಶದ ಕುಟುಂಬ. ಅದರ ಮೂಲಮನೆಯಾದ ಐನ್‌ಮನೆಯ ಬಳಿ ಇರುವ, ಹಿರಿಯರ ಗುಡಿಯಾದ ಕೈಮಡದಲ್ಲಿ ಒಕ್ಕದವರು ಪೂರ್ವಜರನ್ನು ನೆನೆದು ಮಾಂಸ ಮದ್ಯಗಳನ್ನು ಅರ್ಪಿಸುತ್ತಾರೆ. 'ಕಾರೋಣ ನಮ್ಮ ಅಜ್ಜಂದಿರ ಹಿರಿಯರು, ದೇವರಲ್ಲ ಸಾರ್' ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು. ಹಾಗಾದರೆ ಅವರದೇ ವಾಕ್ಯದ ಪ್ರಕಾರ ಕೈಮಡದ ಆಚರಣೆ ಧರ್ಮದ ಹೊರಗುಳಿಯಿತು. ಅದನ್ನು ತರಗತಿಯಲ್ಲಿ ಯಾರೂ ಒಪ್ಪಲಿಲ್ಲ. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಟೈಲರ್ ಎದುರಿಸಿದ್ದು ಇಂಥದೇ ಇಕ್ಕಟ್ಟನ್ನು. ಪರಮದೇವನ ನಂಬಿಕೆ ಕಡ್ಡಾಯವೆಂದರೆ ಎಷ್ಟೋ ಜನಾಂಗಗಳು ಹೊರಗುಳಿಯುತ್ತವೆಂದು ಕಂಡ ಅವನು, 1871ರಲ್ಲಿ 'ಅಶರೀರ ಚೇತನಗಳಲ್ಲಿ ನಂಬಿಕೆ' ಎಂಬುದನ್ನೇ ಧರ್ಮದ ಕನಿಷ್ಠ ವ್ಯಾಖ್ಯೆಯಾಗಿ ಇಟ್ಟನು. ಇದರಲ್ಲಿ ಕಾರೋಣನಿಗೆ ಜಾಗ ಸಿಗುತ್ತದೆ. ಧರ್ಮದ ಒಳಗೆ ಏನಿರಬೇಕೆಂದು ಹೇಳಿ ಗಡಿ ಹಾಕುವ ಇಂಥ ವ್ಯಾಖ್ಯೆಯನ್ನೇ ಸಂಕುಚಿತ ವ್ಯಾಖ್ಯೆ ಎನ್ನುವುದು. ಇಲ್ಲಿ ಸಂಕುಚಿತ ಎಂಬುದು ನಿಂದೆಯ ಮಾತಲ್ಲ.

ಬೌದ್ಧರಲ್ಲಿ ದೇವರೇ ಇಲ್ಲವಲ್ಲ ಎಂದು ಕೆಲವರು ಕುಶಾಲನಗರದ ಆಚೆ ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆಯನ್ನು ತೋರಿಸುವುದುಂಟು. ಆ ಮಾತು ಬೈಲಕುಪ್ಪೆಗೆ ಸಲ್ಲುವುದಿಲ್ಲ, ಏಕೆಂದರೆ ಟಿಬೆಟಿನ ಬೌದ್ಧರ ಮಂದಿರಗಳಲ್ಲಿ ದೇವತೆಗಳು ತುಂಬಿದ್ದಾರೆ. ಪುಸ್ತಕದಲ್ಲಿರುವ ಧರ್ಮವನ್ನು ಕಣ್ಣೆದುರಿನ ಆಚರಣೆಯ ಮೇಲೆ ಹೊರಿಸುವ ಈ ತಪ್ಪನ್ನು ನಾನು ಪ್ರತಿ ವರ್ಷ ತಿದ್ದುತ್ತೇನೆ.

ವಿಶಾಲ ವ್ಯಾಖ್ಯೆಗೆ ನಾನು ಆರಿಸಿಕೊಂಡದ್ದು 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು. ಒಂದೊಂದು ವರ್ಷ ಒಂದೊಂದು ಒಕ್ಕ ಅದನ್ನು ನಡೆಸುತ್ತದೆ, ತಂಡಗಳು ಒಕ್ಕದ ಹೆಸರಿನಲ್ಲೇ ಆಡುತ್ತವೆ, ದೂರದ ಊರುಗಳಲ್ಲಿರುವವರೂ ಆಟಕ್ಕಾಗಿ ಬರುತ್ತಾರೆ. ಜನರನ್ನು ಒಂದುಗೂಡಿಸಿ 'ನಾವು' ಎಂಬ ಭಾವವನ್ನು ಹೊಸದಾಗಿಸುವುದೇ ಧರ್ಮದ ಕೆಲಸವೆಂದು ಹೇಳಿದರೆ, ಹಾಕಿ ಹಬ್ಬವೂ ಆ ಕೆಲಸವನ್ನು ಮಾಡುತ್ತಿದೆ. ಧರ್ಮ ಏನು ಎಂಬುದಕ್ಕಿಂತ ಏನು ಮಾಡುತ್ತದೆ ಎಂದು ಕೇಳುವ ಈ ದಾರಿ, ಬೇರೆ ವ್ಯಾಖ್ಯೆಗಳ ಕಣ್ಣಿಗೆ ಬೀಳದ ಸಂಬಂಧಗಳನ್ನು ತೋರಿಸುತ್ತದೆ; ಆದರೆ ಇದಕ್ಕೆ ಬೇಲಿ ಇಲ್ಲ. 'ಹಾಗಿದ್ದರೆ ಯಾವುದು ಧರ್ಮವಲ್ಲ?' ಎಂದು ಕೇಳಿದಾಗ ಉತ್ತರ ಹೊಳೆಯದಿದ್ದರೆ, ವ್ಯಾಖ್ಯೆ ಅತಿಯಾಗಿ ಹಿಗ್ಗಿದೆ ಎಂದೇ ತಿಳಿಯಬೇಕು. 1912ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ ಸಮುದಾಯವನ್ನು ಕಟ್ಟುವ ಕೆಲಸದ ಜೊತೆಗೆ 'ಪವಿತ್ರ ವಸ್ತು' ಎಂಬ ಷರತ್ತನ್ನೂ ಸೇರಿಸಿದ್ದನು. ಅವನ ಪ್ರಕಾರ ಪವಿತ್ರವೆಂದರೆ ನಿಷೇಧಗಳಿಂದ ಬೇರ್ಪಡಿಸಿ ಕಾಯ್ದಿಟ್ಟದ್ದು. ಹಾಕಿ ಮೈದಾನದಲ್ಲಿ ಅಂಥದ್ದು ಏನಿದೆ ಎಂಬ ಚರ್ಚೆ ನಮ್ಮ ತರಗತಿಯಲ್ಲಿ ಒಂದು ಅವಧಿಯಿಡೀ ನಡೆಯಿತು, ಒಮ್ಮತಕ್ಕೆ ಬರಲಿಲ್ಲ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಕುರಿತು 1952ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಇಲ್ಲಿ ತರುತ್ತೇನೆ. ಆಚರಣೆಗಳು ಒಕ್ಕವನ್ನೂ ಊರನ್ನೂ ಹೇಗೆ ಕೂಡಿಹಿಡಿಯುತ್ತವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಪ್ರಶ್ನೆಗೆ ಆಚರಣೆಯ ಕೆಲಸವನ್ನು ನೋಡುವ ದೃಷ್ಟಿಯೇ ಬೇಕು. ಆದರೆ ಒಂದು ತಾಲ್ಲೂಕಿನ ಪೂಜಾಸ್ಥಳಗಳನ್ನು ಎಣಿಸಬೇಕಾದವನಿಗೆ ಸಂಕುಚಿತ ವ್ಯಾಖ್ಯೆಯಿಲ್ಲದೆ ಲೆಕ್ಕವೇ ಸಾಗದು.

ಈಗ ಕಿರು ಅಧ್ಯಯನ ಬರೆಯುವವರು ತಮ್ಮ ವ್ಯಾಖ್ಯೆಯನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಬೇಕೆಂದು ನಾನು ಕೇಳುತ್ತೇನೆ. ಕಳೆದ ಸಲ ಒಬ್ಬ ವಿದ್ಯಾರ್ಥಿ ತನ್ನ ಊರಿನ ದೇವರಕಾಡುಗಳ ಬಗ್ಗೆ ಬರೆದನು. ಆರಂಭದಲ್ಲಿ ನೆಲೆಗೊಂಡ ದೈವವಿರುವ ಕಾಡುಗಳನ್ನು ಮಾತ್ರ ಎಣಿಸಿದ್ದವನು, ಕೊನೆಗೆ ಬರುವಷ್ಟರಲ್ಲಿ ಮರ ಕಡಿಯಬಾರದೆಂಬ ಕಟ್ಟುಪಾಡಿರುವ ಎಲ್ಲ ಕಾಡುಗಳನ್ನೂ ಧಾರ್ಮಿಕವೆಂದು ಕರೆದಿದ್ದನು. ಎರಡು ಪುಟಗಳ ಸಂಖ್ಯೆ ಹೊಂದದಿರುವುದನ್ನು ತೋರಿಸಿದಾಗ, ವ್ಯಾಖ್ಯೆ ನಡುದಾರಿಯಲ್ಲಿ ಜಾರಿದ್ದು ಅವನಿಗೇ ಕಂಡಿತು. ಅವನು ಮೊದಲ ಪುಟಕ್ಕೆ ಹಿಂದಿರುಗಿ, ದೈವದ ಮಾತನ್ನು ತೆಗೆದು ಕಟ್ಟುಪಾಡಿನ ಮಾತನ್ನು ಬರೆದು, ಕಾಡುಗಳನ್ನು ಮತ್ತೆ ಮೊದಲಿನಿಂದ ಎಣಿಸಿದನು.