ಉತ್ತರದ ಮೇಲಿನ ತಾರೀಖೋ, ಲಕೋಟೆಯ ಮೇಲಿನ ಮುದ್ರೆಯೋ: ದಿನಾಂಕ ಪಟ್ಟಿ ಮಾಡುವ ನನ್ನ ರೀತಿ

ದಾವಣಗೆರೆ ಸುತ್ತಿನ ಜಮೀನು ವ್ಯಾಜ್ಯಗಳ ಫೈಲು ಕೈಗೆ ಬಂದರೆ ನಾನು ಮೊದಲು ಬಂಡಲಿಗೆಲ್ಲ ಪೆನ್ಸಿಲ್‌ನಲ್ಲಿ ಪುಟಸಂಖ್ಯೆ ಹಾಕುತ್ತೇನೆ. ಆಮೇಲೆ ಪಟ್ಟಿಗೆ ನಾಲ್ಕು ಕಾಲಂ: ದಿನಾಂಕ, ಏನಾಯಿತು, ಯಾವ ಪುಟ ಮತ್ತು ಪ್ಯಾರಾ, ಎದುರು ಪಕ್ಷ ಒಪ್ಪಿದೆಯೋ ಇಲ್ಲವೋ. ಕೊನೆಯ ಕಾಲಂ ತುಂಬಲು ವಾದಪತ್ರವನ್ನೂ ಲಿಖಿತ ಹೇಳಿಕೆಯನ್ನೂ ಅಕ್ಕಪಕ್ಕ ಇಟ್ಟು ಪ್ಯಾರಾಕ್ಕೆ ಪ್ಯಾರಾ ಓದಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಕಷ್ಟವಿರುವುದು ಒಂದೇ ಕಾಗದಕ್ಕೆ ಎರಡು ಮೂರು ತಾರೀಖು ಇರುವುದರಲ್ಲಿ. ಉದಾಹರಣೆಗೆ ಇಂಥ ಒಂದು ದಾವೆ ತೆಗೆದುಕೊಳ್ಳಿ. ಕ್ರಯದ ಕರಾರು ಆದದ್ದು 10-3-2014ರಂದು. ಪೋಡಿ ಆದ ಮೇಲೆ ನೋಂದಣಿ ಎಂದಷ್ಟೇ ಬರೆದಿದೆ, ಗಡುವಿನ ದಿನಾಂಕವಿಲ್ಲ. ಖರೀದಿದಾರ ನೋಟಿಸ್ ಕೊಟ್ಟ, ಮಾಲೀಕ 'ಬರೆದುಕೊಡುವುದಿಲ್ಲ' ಎಂದು ಉತ್ತರಿಸಿದ. ಉತ್ತರದ ಮೇಲೆ 4-7-2015 ಎಂದಿದೆ. ವಾದಪತ್ರದ ಕೊನೆಯ ಸಹಿಯ ಕೆಳಗೆ 2-7-2018. ಇವೆರಡನ್ನೇ ಪಟ್ಟಿಗೆ ಹಾಕಿದರೆ ಮೂರು ವರ್ಷಕ್ಕೆ ಎರಡು ದಿನ ಮೊದಲೇ ದಾವೆ ಹೂಡಿದಂತೆ ಕಾಣುತ್ತದೆ, ಎಲ್ಲ ಸರಿಯಿದೆ ಎಂದು ಮುಂದಕ್ಕೆ ಹೋಗಿಬಿಡುತ್ತೇವೆ.

ಎರಡೂ ತಪ್ಪು. ದಾವೆಯ ದಿನಾಂಕವೆಂದರೆ ಕೋರ್ಟಿನ ಸೀಲಿನಲ್ಲಿರುವುದು, ಅಲ್ಲಿ 6-7-2018 ಇದೆ. ಉತ್ತರದ ತಾರೀಖಿನಿಂದ ಎಣಿಸಿದರೆ ಎರಡು ದಿನ ತಡ. ಆದರೆ 1963ರ ಕಾಲಮಿತಿ ಕಾಯ್ದೆಯ 54ನೇ ಅನುಚ್ಛೇದದಂತೆ, ಕರಾರಿನಲ್ಲಿ ದಿನಾಂಕ ಗೊತ್ತುಮಾಡದಿದ್ದರೆ, ನಿರಾಕರಣೆ ವಾದಿಗೆ ತಿಳಿದ ದಿನದಿಂದ ಮೂರು ವರ್ಷ. ಉತ್ತರ ಅವನ ಕೈಸೇರಿದ್ದು 9-7-2015ರಂದು, ಹಾಗಾಗಿ 9-7-2018ರವರೆಗೆ ಕಾಲವಿದೆ. ಇಷ್ಟಕ್ಕೂ ಆಧಾರ ಅಂಚೆಮುದ್ರೆಯಿರುವ ಲಕೋಟೆ. ಕಕ್ಷಿದಾರರು ಕಾಗದ ಇಟ್ಟುಕೊಂಡು ಲಕೋಟೆ ಎಸೆಯುತ್ತಾರೆ, ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ. ಅವರು ಸಹಿ ಹಾಕಿಕೊಟ್ಟ ಸ್ವೀಕೃತಿ ಚೀಟಿ ಹೇಗೂ ಎದುರಿನವರ ಹತ್ತಿರ ಇರುತ್ತದೆ. ಹೀಗಾಗಿ ಪತ್ರಕ್ಕೆ ನಾನು ಒಂದು ಸಾಲು ಹಾಕುವುದಿಲ್ಲ: ಬರೆದದ್ದು, ಅಂಚೆಗೆ ಹಾಕಿದ್ದು, ತಲುಪಿದ್ದು ಎಂದು ಮೂರು.

ಅದೇ ವಾದಿಯ ಅಫಿಡವಿಟ್‌ನಲ್ಲಿ '4-7-2015ರಂದು ಉತ್ತರ ಬಂತು' ಎಂದಿದ್ದರೆ ತಿದ್ದಿ ಬರೆಯಬೇಡಿ. ಹೇಳಿದ್ದನ್ನು ಹೇಳಿದಂತೆ ಒಂದು ಸಾಲು, ಲಕೋಟೆಯದು ಇನ್ನೊಂದು ಸಾಲು, ಪಕ್ಕದಲ್ಲಿ ಕೆಂಪು ಗುರುತು. ಪಾಟೀಸವಾಲಿನಲ್ಲಿ ಪ್ರಶ್ನೆ ಏಳುವುದು ಅಲ್ಲಿಂದಲೇ.

'ಯುಗಾದಿ ಕಳೆದ ಮೇಲೆ ಕೇಳಿದೆ', 'ನಾಲೆಗೆ ನೀರು ಬಿಟ್ಟಾಗ ಹಣ ಕೊಟ್ಟೆ' ಎಂಬಂಥವಕ್ಕೆ ನಮ್ಮ ಊಹೆಯ ತಾರೀಖು ಅಂಟಿಸಬಾರದು. ಅವರ ಮಾತನ್ನೇ ಬರೆದು, ಖಚಿತವಾದ ಯಾವ ಎರಡು ಘಟನೆಗಳ ನಡುವೆ ಅದು ಬೀಳುತ್ತದೋ ಅಲ್ಲಿ ಕೂರಿಸುತ್ತೇನೆ.

ಎಕ್ಸೆಲ್‌ನಲ್ಲಿ ಮಾಡುವವರು `2015-07-04` ಎಂದೇ ಟೈಪಿಸಿ. ಕೆಲವು ಕಂಪ್ಯೂಟರುಗಳು 4-7-2015 ಅನ್ನು ಏಪ್ರಿಲ್ 7 ಎಂದು ಓದಿ, ಸಾಲನ್ನು ನೋಟಿಸಿಗಿಂತ ಮೇಲಕ್ಕೆ ಹಾರಿಸುತ್ತವೆ.